ಮಾರ್ಚ್ 31ರ ರಾತ್ರಿ ನಾವು ಯಾರಿಗೆ ಎಷ್ಟು ಬಾಕಿ?

ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವ ಕೆಲವರು 2026ರ ಫೆಬ್ರವರಿಯಲ್ಲಿ ಸೇರಿದ್ದರು. ಅಲ್ಲಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇನ್ನು ಐದಾರು ವಾರಕ್ಕೆ ವರ್ಷ ಮುಗಿಯುತ್ತದೆ. ಬ್ಯಾಂಕ್ ತಾಳೆ, ಸ್ಟಾಕ್ ಎಣಿಕೆ, ಜಿಎಸ್‌ಟಿ ಹೊಂದಾಣಿಕೆ, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇವತ್ತು ನಾನು ಎರಡೇ ಎರಡು ಸಾಲುಗಳ ಬಗ್ಗೆ ಮಾತಾಡುತ್ತೇನೆ. ಒಂದು, ನೌಕರರ ಬೋನಸ್‌ಗೆ ಮಾಡುವ ಪ್ರಾವಿಜನ್. ಇನ್ನೊಂದು, ಬಳಸದೆ ಉಳಿದ ಗಳಿಕೆ ರಜೆಯ ನಗದೀಕರಣಕ್ಕೆ ಮಾಡುವ ಪ್ರಾವಿಜನ್.

ಈ ಎರಡನ್ನೂ ಬರೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮಾರ್ಚ್ 31ರ ರಾತ್ರಿ ಶಟರ್ ಎಳೆದಿದ್ದೇವೆ. ನಾಳೆ ಬೆಳಗ್ಗೆ ಒಬ್ಬರೂ ಕೆಲಸಕ್ಕೆ ಬರುವುದಿಲ್ಲ, ಎಲ್ಲರೂ ಲೆಕ್ಕ ಚುಕ್ತಾ ಮಾಡಿ ಅಂತ ನಿಂತಿದ್ದಾರೆ ಎಂದುಕೊಳ್ಳಿ. ಆಗ ನಾವು ಯಾರಿಗೆ ಎಷ್ಟು ಕೊಡಬೇಕು? ಆ ಮೊತ್ತ ಪುಸ್ತಕದಲ್ಲಿ ಇದೆಯಾ?

ಮಾಲೀಕರು ಸಾಮಾನ್ಯವಾಗಿ ಹೇಳುವುದು ಹೀಗೆ: "ಬೋನಸ್ ಕೊಡೋದು ಆಯುಧಪೂಜೆಗೆ. ರಜೆ ದುಡ್ಡು ಕೊಡೋದು ಅವನು ಬಿಟ್ಟು ಹೋದಾಗ. ಈಗ್ಯಾಕೆ ಬರೀತೀರಿ?" ಹಣ ಕೈಬಿಡುವ ದಿನ ಅದು ಹೌದು. ಆದರೆ ಸಾಲ ಹುಟ್ಟಿದ್ದು ಆ ದಿನ ಅಲ್ಲ. ಟರ್ನರ್ ಒಬ್ಬ ಲೇತ್ ಮುಂದೆ ನಿಂತು ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನದ ರಜೆ ಅವನ ಹೆಸರಿಗೆ ಸೇರುತ್ತಾ ಹೋಗುತ್ತದೆ. ಬೋನಸ್ಸೂ ತಿಂಗಳು ತಿಂಗಳೂ ಬೆಳೆಯುತ್ತದೆ. ಅವನ ದುಡಿಮೆಯಿಂದ ಬಂದ ಮಾರಾಟವನ್ನು ಈ ವರ್ಷದ ಆದಾಯದಲ್ಲಿ ತೋರಿಸಿಬಿಟ್ಟಿದ್ದೇವೆ. ಅದಕ್ಕೆ ತಗುಲಿದ ಖರ್ಚನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳಿದರೆ ಈ ವರ್ಷದ ಲಾಭ ಸುಳ್ಳಾಗುತ್ತದೆ ಅಲ್ವಾ?

ಈ ವಾದ ನಮ್ಮ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ಭಾರತ್ ಅರ್ಥ್ ಮೂವರ್ಸ್, ನಾವೆಲ್ಲ ಬಿಇಎಂಎಲ್ ಅನ್ನುವ ಸಂಸ್ಥೆ, ತನ್ನ ನೌಕರರ ಉಳಿದ ರಜೆಗೆ ಪ್ರಾವಿಜನ್ ಮಾಡಿ ಅದನ್ನು ತೆರಿಗೆಯಲ್ಲಿ ಖರ್ಚು ಎಂದು ಕೇಳಿತು. ತೆರಿಗೆ ಇಲಾಖೆ ಒಪ್ಪಲಿಲ್ಲ. ನೌಕರ ರಜೆ ತೆಗೆದುಕೊಳ್ಳಬಹುದು, ನಗದು ಕೇಳದೆಯೂ ಇರಬಹುದು, ಹಾಗಾಗಿ ಇದು ಆದರೆ ಆಯಿತು ಅನ್ನುವಂಥ ಹೊಣೆ ಎಂಬುದು ಇಲಾಖೆಯ ವಾದ. 2000ದಲ್ಲಿ ಸುಪ್ರೀಂ ಕೋರ್ಟ್ ಬಿಇಎಂಎಲ್ ಪರವಾಗಿ ತೀರ್ಪು ಕೊಟ್ಟಿತು. ಹೊಣೆ ಈ ವರ್ಷವೇ ಹುಟ್ಟಿದೆ, ತೀರಿಸುವುದು ಮಾತ್ರ ಮುಂದೆ, ಮೊತ್ತವನ್ನು ಸಾಕಷ್ಟು ನಂಬಿಕೆಯಿಂದ ಅಂದಾಜು ಮಾಡಬಹುದಾದರೆ ಅದು ಈ ವರ್ಷದ್ದೇ ಖರ್ಚು ಎಂಬುದು ಅದರ ಸಾರ. ತೆರಿಗೆಯ ಮಟ್ಟಿಗೆ ಆಮೇಲೆ ಕಾನೂನೇ ಬದಲಾಯಿತು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಲೆಕ್ಕಪತ್ರದ ಮಟ್ಟಿಗೆ ಈ ಮಾತು ಇಂದಿಗೂ ಗಟ್ಟಿ.

ಈಗ ಒಂದು ಘಟಕದ ಲೆಕ್ಕ ತೆಗೆದುಕೊಳ್ಳೋಣ. ಮಷೀನ್ ಶಾಪ್, ಮೂವರು ಪಾಲುದಾರರು, 34 ಜನ ನೌಕರರು. ಯಾರದ್ದೆಂದು ಗುರುತು ಸಿಗಬಾರದು ಅಂತ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ವರ್ಷ 2024-25. ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಆದ್ದರಿಂದ ಈ ಲೆಕ್ಕ ಪೂರ್ತಿ ಹಳೆಯ ಕಾಯ್ದೆಗಳ ಮೇಲೆ ನಿಂತಿದೆ. ಏನು ಬದಲಾಯಿತು ಅನ್ನುವುದನ್ನು ಆಮೇಲೆ ನೋಡೋಣ. ಆ ವರ್ಷ ಒಬ್ಬ ಪಾಲುದಾರರು ಮಾರ್ಚ್ 31ಕ್ಕೆ ನಿವೃತ್ತರಾಗುವವರಿದ್ದರು. ಅಂದಿನ ಪುಸ್ತಕದ ಪ್ರಕಾರ ಅವರ ಮೂರನೇ ಒಂದು ಪಾಲು ಲೆಕ್ಕ ಹಾಕಿ ಕೊಡಬೇಕಿತ್ತು. ಅದಕ್ಕೇ ಈ ಎರಡು ಸಾಲು ಅಷ್ಟು ಮುಖ್ಯವಾದವು.

ಮೊದಲು ಬೋನಸ್.

ಅಕೌಂಟೆಂಟ್ ಬರೆದಿಟ್ಟಿದ್ದ ಪ್ರಾವಿಜನ್ 1,81,922 ರೂಪಾಯಿ. ಹೇಗೆ ಬಂತು ಅಂತ ಕೇಳಿದೆ. "ಮೇಡಂ, 7,000ದ ಮೇಲೆ 8.33 ಪರ್ಸೆಂಟ್. 26 ಜನ." ತಿಂಗಳಿಗೆ 7,000ದಂತೆ ವರ್ಷಕ್ಕೆ 84,000. ಅದರ 8.33 ಶೇಕಡಾ 6,997. 26ರಿಂದ ಗುಣಿಸಿದರೆ 1,81,922. ಗುಣಾಕಾರದಲ್ಲಿ ಒಂದು ತಪ್ಪೂ ಇಲ್ಲ. ತಪ್ಪು ಇದ್ದದ್ದು ಬೇರೆ ಮೂರು ಕಡೆ.

ಮೊದಲ ತಪ್ಪು ಆ 7,000. 1965ರ ಬೋನಸ್ ಪಾವತಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು. ಬೋನಸ್‌ಗೆ ಅರ್ಹರಾಗುವ ವೇತನದ ಮಿತಿ ತಿಂಗಳಿಗೆ 21,000 ಆಯಿತು. ಲೆಕ್ಕ ಹಾಕುವ ಮಿತಿ 7,000 ಆಯಿತು. ಎಲ್ಲರೂ ಅಲ್ಲಿಗೇ ಓದಿ ನಿಲ್ಲಿಸುತ್ತಾರೆ. ಆದರೆ ಆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. 7,000 ಅಥವಾ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಇವತ್ತು ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನ 7,000ಕ್ಕಿಂತ ಎಷ್ಟೋ ಮೇಲಿದೆ. ಅಂದರೆ 7,000 ಅನ್ನುವ ಅಂಕಿ ಈಗ ಕಾಗದದಲ್ಲಿ ಮಾತ್ರ ಉಳಿದಿದೆ. ನಿಮ್ಮ ಉದ್ಯಮಕ್ಕೆ, ನಿಮ್ಮ ವಲಯಕ್ಕೆ, ಆ ಕುಶಲತೆಯ ದರ್ಜೆಗೆ ಯಾವ ಅಂಕಿ ಇದೆಯೋ ಅದನ್ನು ಅಧಿಸೂಚನೆಯಿಂದ ತೆಗೆದುಕೊಳ್ಳಬೇಕು. ನಮ್ಮ ಉದಾಹರಣೆಗೆ ಅದನ್ನು 13,000 ಎಂದಿಟ್ಟುಕೊಳ್ಳೋಣ. ಈ 26 ಜನರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000. ಹಾಗಾದರೆ ಬೋನಸ್ ಲೆಕ್ಕ 13,000ದ ಮೇಲೆ. ವರ್ಷಕ್ಕೆ 1,56,000, ಅದರ 8.33 ಶೇಕಡಾ 12,995. 26 ಜನಕ್ಕೆ 3,37,870. ಒಂದೇ ಅಂಕಿ ಸರಿ ಮಾಡಿದ್ದಕ್ಕೆ 1,55,948 ರೂಪಾಯಿ ಹೆಚ್ಚಾಯಿತು.

ಎಕ್ಸೆಲ್‌ನಲ್ಲಿ ಒಬ್ಬೊಬ್ಬರಿಗೂ ಒಂದು ಸಾಲು ಇಡಿ. B ಕಾಲಮ್‌ನಲ್ಲಿ ಮೂಲ ವೇತನ ಮತ್ತು ಡಿ.ಎ., C ಕಾಲಮ್‌ನಲ್ಲಿ ಕನಿಷ್ಠ ವೇತನ, D ಕಾಲಮ್‌ನಲ್ಲಿ ಸಂಬಳ ಪಡೆದ ತಿಂಗಳು. ಸೂತ್ರ ಇಷ್ಟೇ:

```
=ROUND(MIN(B2,MAX(7000,C2))*D2*8.33%,0)
```

ಸಂಬಳವಿಲ್ಲದ ರಜೆ ಹಾಕಿದವರಿಗೆ D ಕಾಲಮ್‌ನಲ್ಲಿ 12 ಬರುವುದಿಲ್ಲ, 11.4 ಅಂತೇನೋ ಬರುತ್ತದೆ. ಆದರೆ ಸಂಬಳ ಸಹಿತ ರಜೆ, ಹೆರಿಗೆ ರಜೆ, ಲೇ-ಆಫ್ ದಿನ, ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿದ್ದ ದಿನ, ಇವನ್ನು ಕಳೆಯಬಾರದು. ಬೋನಸ್ ಕಾಯ್ದೆ ಇವನ್ನೆಲ್ಲ ಕೆಲಸ ಮಾಡಿದ ದಿನ ಎಂದೇ ಎಣಿಸುತ್ತಿತ್ತು. ಹೆರಿಗೆ ರಜೆಯಲ್ಲಿದ್ದ ಹೆಣ್ಣುಮಗಳ ಬೋನಸ್ಸಿನಲ್ಲಿ ಆರು ತಿಂಗಳು ಕಡಿದುಹಾಕಿದ ಪಟ್ಟಿಯನ್ನು ನಾನು ಒಂದಲ್ಲ, ಎರಡು ಕಡೆ ನೋಡಿದ್ದೇನೆ. ನೋಡಿದಾಗ ಹೊಟ್ಟೆಗೆ ಸಂಕಟ ಆಗುತ್ತದೆ. ದಯವಿಟ್ಟು ನಿಮ್ಮ ಪಟ್ಟಿಯನ್ನು ಒಮ್ಮೆ ನೋಡಿ.

ಎರಡನೆಯ ತಪ್ಪು, ಮಾರ್ಚ್ ಪಗಾರ ಪಟ್ಟಿಯಿಂದ ಹೆಸರು ತೆಗೆದುಕೊಂಡದ್ದು. ಅದರಲ್ಲಿ ಪೂರ್ತಿ ವರ್ಷ ದುಡಿದ 26 ಜನರನ್ನಷ್ಟೇ ಆರಿಸಿದ್ದರು. ಅಕ್ಟೋಬರ್ 1ಕ್ಕೆ ಸೇರಿದ ಮೂವರು ಹುಡುಗರನ್ನು "ಇನ್ನೂ ವರ್ಷ ಆಗಿಲ್ಲ" ಅಂತ ಬಿಟ್ಟಿದ್ದರು. ಕಾಯ್ದೆ ಕೇಳುವುದು ವರ್ಷವಲ್ಲ, 30 ಕೆಲಸದ ದಿನ. ಆರು ತಿಂಗಳಿಗೆ ತಲಾ 6,497, ಮೂವರಿಗೆ 19,491. ಇನ್ನು ನವೆಂಬರ್ ಕೊನೆಗೆ ಬಿಟ್ಟುಹೋದ ಇಬ್ಬರು. ಮಾರ್ಚ್ ಪಗಾರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಆದರೆ ಎಂಟು ತಿಂಗಳು ದುಡಿದಿದ್ದಾರೆ. ಬಿಟ್ಟುಹೋದ ಮಾತ್ರಕ್ಕೆ ಬೋನಸ್ ಹಕ್ಕು ಹೋಗುವುದಿಲ್ಲ. ವಂಚನೆ, ಕಳ್ಳತನ, ಕಾರ್ಖಾನೆ ಆವರಣದಲ್ಲಿ ಹಿಂಸೆಯ ನಡವಳಿಕೆ, ಇಂಥ ಕಾರಣಕ್ಕೆ ಕೆಲಸದಿಂದ ತೆಗೆದುಹಾಕಿದ್ದರೆ ಮಾತ್ರ ಹೋಗುತ್ತದೆ. ಇವರಿಬ್ಬರಿಗೆ ತಲಾ 8,663, ಒಟ್ಟು 17,326. ಅವರ ರಜೆ ಹಣ ಚುಕ್ತಾ ಆಗಿತ್ತು, ಬೋನಸ್ ಮರೆತುಹೋಗಿತ್ತು. ಆದ್ದರಿಂದ ಹೆಸರುಗಳನ್ನು ಮಾರ್ಚ್ ಪಟ್ಟಿಯಿಂದ ತೆಗೆಯಬೇಡಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡೂ ತಿಂಗಳ ಪಟ್ಟಿ ಸೇರಿಸಿ ತೆಗೆಯಿರಿ.

ಮೂರನೆಯದು ಸ್ವಲ್ಪ ಚರ್ಚೆಯ ವಿಷಯ. ಸೂಪರ್‌ವೈಸರ್ ಮತ್ತು ಆಫೀಸಿನವರು ಸೇರಿ ಐವರಿದ್ದರು. ಸಂಬಳ 21,000ಕ್ಕಿಂತ ಜಾಸ್ತಿ. ಕಾಯ್ದೆಯ ಪ್ರಕಾರ ಇವರಿಗೆ ಬೋನಸ್ ಇಲ್ಲ. ಆದರೆ ಈ ಘಟಕ ಎಷ್ಟೋ ವರ್ಷದಿಂದ ಪ್ರತಿ ಆಯುಧಪೂಜೆಗೂ ಇವರಿಗೆ ಒಂದು ನಿಗದಿತ ಮೊತ್ತ ಕೊಡುತ್ತಿತ್ತು. ತಲಾ 20,000. ಮಾಲೀಕರು "ಅದು ನಮ್ಮ ಖುಷಿಗೆ ಕೊಡೋದು" ಅಂದರು. ನಾನು ಅವರನ್ನು ಕೇಳಿದೆ, "ಈ ವರ್ಷ ಕೊಡಲ್ಲ ಅಂತ ಹೇಳೋಕೆ ನಿಮಗೆ ಆಗುತ್ತಾ ಸರ್?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲ್ಲ" ಅಂದರು. ಲೆಕ್ಕಪತ್ರ ಮಾನದಂಡ 15 ಕೇಳುವುದೂ ಇದೇ ಪ್ರಶ್ನೆ. ಬರೆದ ಕರಾರು ಇಲ್ಲದಿದ್ದರೂ, ರೂಢಿಯಿಂದ ಕೊಡದೆ ವಿಧಿಯಿಲ್ಲ ಅನ್ನುವ ಸ್ಥಿತಿ ಇದ್ದರೆ, ಮೊತ್ತವೂ ಗೊತ್ತಿದ್ದರೆ, ಅದು ಹೊಣೆಯೇ. ಒಂದು ಲಕ್ಷ ಸೇರಿಸಿದೆವು. ಒಂದೇ ಒಂದು ಸಲ, ದೊಡ್ಡ ಆರ್ಡರ್ ಬಂತು ಅಂತ ಖುಷಿಗೆ ಕೊಟ್ಟಿದ್ದರೆ ನಾನು ಸೇರಿಸುತ್ತಿರಲಿಲ್ಲ.

ಎಲ್ಲ ಸೇರಿ 4,74,687. ಮೊದಲು ಬರೆದದ್ದಕ್ಕಿಂತ 2,92,765 ಜಾಸ್ತಿ.

ನಷ್ಟ ಬಂದ ವರ್ಷ ಇದೆಲ್ಲ ಬೇಡವಾ ಅಂತ ಕೆಲವರು ಕೇಳುತ್ತಾರೆ. ಕನಿಷ್ಠ ಬೋನಸ್ 8.33 ಶೇಕಡಾ ಲಾಭ ಇರಲಿ ಬಿಡಲಿ ಕೊಡಬೇಕಾದ್ದು. ಲಾಭ ಜಾಸ್ತಿ ಇದ್ದರೆ ಅದು 20 ಶೇಕಡಾವರೆಗೆ ಏರುತ್ತದೆ. ಆ ಲೆಕ್ಕ ಬೇರೆ, ಇವತ್ತು ಅಲ್ಲಿಗೆ ಹೋಗುವುದಿಲ್ಲ.

ಬೋನಸ್ಸಿನಲ್ಲಿ ಇನ್ನೊಂದೇ ಒಂದು ಮಾತು. ಇದು ನಾನೇ ಮಾಡಿದ ತಪ್ಪು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಕಾರ್ಖಾನೆಯಲ್ಲಿ, ಮಾರ್ಚ್‌ನಲ್ಲಿ ಪ್ರಾವಿಜನ್ ಮಾಡಿದ್ದೆ. ಅಕ್ಟೋಬರ್‌ನಲ್ಲಿ ಬೋನಸ್ ಹಂಚಿದಾಗ ಅದನ್ನು ಪ್ರಾವಿಜನ್ ಖಾತೆಗೆ ಡೆಬಿಟ್ ಮಾಡುವ ಬದಲು ಮತ್ತೆ ಬೋನಸ್ ವೆಚ್ಚಕ್ಕೆ ಡೆಬಿಟ್ ಮಾಡಿದೆ. ಮುಂದಿನ ಮಾರ್ಚ್‌ಗೆ ಹೊಸ ಪ್ರಾವಿಜನ್ ಬೇರೆ. ಒಂದೇ ವರ್ಷದಲ್ಲಿ ಎರಡು ವರ್ಷದ ಬೋನಸ್ ವೆಚ್ಚ, ಜೊತೆಗೆ ಹಳೆಯ ಪ್ರಾವಿಜನ್ ಹಾಗೇ ಕೂತಿತ್ತು. ಆಡಿಟರ್ ಹಿಡಿದರು. ಇದನ್ನು ನೀವು ಹಿಡಿಯುವುದು ಬಹಳ ಸುಲಭ. ಪ್ರಾವಿಜನ್ ಲೆಡ್ಜರ್ ತೆರೆಯಿರಿ. ಹಬ್ಬದ ತಿಂಗಳಲ್ಲಿ ಅಲ್ಲಿ ಡೆಬಿಟ್ ಕಾಣದಿದ್ದರೆ ಎಲ್ಲೋ ಎಡವಟ್ಟಾಗಿದೆ.

ನಮ್ಮ ಘಟಕದಲ್ಲಿ 2024ರ ಮಾರ್ಚ್ ಪ್ರಾವಿಜನ್ 4,20,000 ಇತ್ತು. ಆ ವರ್ಷ ಅದನ್ನು ಇನ್ನೊಬ್ಬರು ಸರಿಯಾಗಿಯೇ ಮಾಡಿದ್ದರು. ಅಕ್ಟೋಬರ್‌ನಲ್ಲಿ ಕೊಟ್ಟದ್ದು 4,32,500. ಕಡಿಮೆ ಬಿದ್ದ 12,500 ಈ ವರ್ಷದ ವೆಚ್ಚಕ್ಕೆ ಸೇರಿತು. ಹಾಗಾಗಿ 2024-25ರ ಬೋನಸ್ ವೆಚ್ಚ 4,87,187. ಅಂದಾಜು ಅಂದ ಮೇಲೆ ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ಹಿಂದಿನ ವರ್ಷದ ಪುಸ್ತಕ ತೆರೆಯಬೇಕಾಗಿಲ್ಲ.

ಈಗ ರಜೆ. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕಂದ್ರೆ ತಪ್ಪುಗಳು ಕಣ್ಣಿಗೆ ಬೀಳದಂತೆ ಅಡಗಿರುವುದು ಇಲ್ಲೇ.

ಯಾವ ರಜೆಗೆ ಪ್ರಾವಿಜನ್? ವರ್ಷ ಮುಗಿದರೆ ಸತ್ತುಹೋಗುವ ಕ್ಯಾಶುಯಲ್ ಲೀವ್‌ಗೆ ಬೇಡ. ಮುಂದಕ್ಕೆ ಒಯ್ಯಬಹುದಾದ, ಬಿಟ್ಟುಹೋಗುವಾಗ ಹಣವಾಗುವ ಗಳಿಕೆ ರಜೆಗೆ ಬೇಕು. ನಾವು ಇ.ಎಲ್. ಅನ್ನುತ್ತೇವಲ್ಲ, ಅದು.

ಒಬ್ಬ ಟರ್ನರ್‌ನ ಸಾಲನ್ನು ತೆಗೆದುಕೊಳ್ಳೋಣ. ರಿಜಿಸ್ಟರಿನಲ್ಲಿ ಮಾರ್ಚ್ 31ಕ್ಕೆ 18 ದಿನ ಬಾಕಿ. ಅಕೌಂಟೆಂಟ್ 15,000ವನ್ನು 30ರಿಂದ ಭಾಗಿಸಿ ದಿನಕ್ಕೆ 500 ಹಿಡಿದು 9,000 ಬರೆದಿದ್ದರು. ನಾವು ಮತ್ತೆ ಕೂತು ಲೆಕ್ಕ ಹಾಕಿದಾಗ ಬಂದದ್ದು 15,768. ಮುಕ್ಕಾಲು ಪಾಲು ಹೆಚ್ಚು. ಎಲ್ಲಿಂದ ಬಂತು ಅಂತ ಒಂದೊಂದಾಗಿ ನೋಡೋಣ.

ದಿನಗಳ ಎಣಿಕೆ ಮೊದಲು. 1948ರ ಕಾರ್ಖಾನೆ ಕಾಯ್ದೆಯಲ್ಲಿ ರಜೆಯ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹೋದ ವರ್ಷ ದುಡಿದದ್ದಕ್ಕೆ ರಜೆ ಈ ಜನವರಿ 1ಕ್ಕೆ ರಿಜಿಸ್ಟರಿಗೆ ಜಮಾ ಆಗುತ್ತದೆ. ಹಾಗಾದರೆ ಈ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ದುಡಿದದ್ದಕ್ಕೆ ಸಿಗುವ ರಜೆ ಎಲ್ಲಿದೆ? ರಿಜಿಸ್ಟರಿನಲ್ಲಿ ಎಲ್ಲೂ ಇಲ್ಲ. ಅದು ಕಾಣಿಸುವುದು ಮುಂದಿನ ಜನವರಿಗೆ. ಆದರೆ ದುಡಿಮೆ ಆಗಿಹೋಗಿದೆ. ನಮ್ಮ ಟರ್ನರ್ ಆ ಮೂರು ತಿಂಗಳಲ್ಲಿ 72 ದಿನ ಕೆಲಸ ಮಾಡಿದ್ದ. ಇಪ್ಪತ್ತಕ್ಕೊಂದರಂತೆ 3.6 ದಿನ. 18ಕ್ಕೆ ಸೇರಿಸಿದರೆ 21.6.

ಇದಕ್ಕೆ ಒಬ್ಬರು ನನಗೆ ಎದುರು ಹೇಳಿದ್ದರು: "ವರ್ಷಕ್ಕೆ 240 ದಿನ ಕೆಲಸ ಮಾಡಿದರೆ ಮಾತ್ರ ರಜೆ ಹುಟ್ಟೋದು, 72 ದಿನಕ್ಕೆ ಎಲ್ಲಿಂದ?" ಒಳ್ಳೆಯ ಪ್ರಶ್ನೆ. ಆದರೆ ಅದೇ 79ನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಕೆಲಸಗಾರ ಮಧ್ಯದಲ್ಲಿ ಬಿಟ್ಟರೆ, ತೆಗೆದುಹಾಕಿದರೆ, ನಿವೃತ್ತನಾದರೆ ಅಥವಾ ತೀರಿಹೋದರೆ, 240 ದಿನ ಆಗಿರದಿದ್ದರೂ ದುಡಿದಷ್ಟಕ್ಕೆ ರಜೆಯ ವೇತನ ಕೊಡಬೇಕು. ನಾವು ಕೇಳಿಕೊಂಡ ಪ್ರಶ್ನೆ ನೆನಪಿದೆಯಲ್ಲ? ನಾಳೆ ಎಲ್ಲರೂ ಬಿಟ್ಟರೆ ಎಷ್ಟು ಕೊಡಬೇಕು. ಹಾಗಾಗಿ ಆ 3.6 ದಿನ ಬಾಕಿಯೇ.

ಆಮೇಲೆ ದಿನದ ದರ. ಕಾರ್ಖಾನೆ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ರಜೆಯ ವೇತನ ಅಂದರೆ, ಕೆಲಸ ಮಾಡಿದ ದಿನಗಳ ಪೂರ್ತಿ ಗಳಿಕೆಯ ದಿನದ ಸರಾಸರಿ. ಓವರ್‌ಟೈಮ್ ಮತ್ತು ಬೋನಸ್ ಬಿಟ್ಟು, ತುಟ್ಟಿಭತ್ಯೆ ಸೇರಿಸಿ. ಬರೀ ಮೂಲ ವೇತನ ಅಲ್ಲ. ಟರ್ನರ್‌ನ ತಿಂಗಳ ಗಳಿಕೆ ಭತ್ಯೆಗಳೆಲ್ಲ ಸೇರಿ 18,200. ಭಾಗಿಸಬೇಕಾದ್ದು 30ರಿಂದಲ್ಲ, ಕೆಲಸ ಮಾಡಿದ ದಿನಗಳಿಂದ. ವಾರಕ್ಕೊಂದು ರಜೆ ತೆಗೆದರೆ ತಿಂಗಳಿಗೆ 26. ಅಲ್ಲಿಗೆ ದಿನಕ್ಕೆ 700. 500 ಎಲ್ಲಿ, 700 ಎಲ್ಲಿ!

ಇನ್ನೂ ಒಂದಿದೆ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ಜೊತೆಗಿನ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ತುಂಬಾ ಕಡೆ ಇಂಕ್ರಿಮೆಂಟೂ ಏಪ್ರಿಲ್‌ನಲ್ಲೇ. ಈ ರಜೆಯ ಹಣವನ್ನು ನಾವು ಕೊಡುವುದು ಏಪ್ರಿಲ್ ನಂತರದ ದರದಲ್ಲಿ, ಮಾರ್ಚ್ ದರದಲ್ಲಿ ಅಲ್ಲ. ಲೆಕ್ಕ ಮುಗಿಸಿ ಸಹಿ ಹಾಕುವ ಹೊತ್ತಿಗೆ ಹೊಸ ದರ ಕೈಯಲ್ಲೇ ಇರುತ್ತದೆ. ಈ ಟರ್ನರ್‌ನ ಹೊಸ ಗಳಿಕೆ 18,980. ದಿನಕ್ಕೆ 730. ಅದನ್ನು 21.6ರಿಂದ ಗುಣಿಸಿದರೆ 15,768.

ಇನ್ನು 30 ದಿನದ ಮಿತಿಯ ಗೊಂದಲ. ಮುಂದಿನ ವರ್ಷಕ್ಕೆ 30 ದಿನಕ್ಕಿಂತ ಜಾಸ್ತಿ ಒಯ್ಯುವಂತಿಲ್ಲ ಎಂಬ ನಿಯಮವನ್ನು ಕೆಲವರು ಮಾರ್ಚ್ 31ಕ್ಕೂ ಹಾಕಿಬಿಡುತ್ತಾರೆ. ಆ ಮಿತಿ ಕೆಲಸ ಮಾಡುವುದು ಡಿಸೆಂಬರ್ 31ಕ್ಕೆ. 30 ದಿನ ಮುಂದಕ್ಕೆ ಬಂದವನಿಗೆ ಜನವರಿ 1ಕ್ಕೆ ಹೊಸದಾಗಿ ಹದಿನೈದು ದಿನ ಜಮಾ ಆದರೆ 45 ಆಗುತ್ತದೆ. ಮಾರ್ಚ್‌ನಲ್ಲಿ 41 ಕಂಡರೆ ಅದು ತಪ್ಪಲ್ಲ, ಕಡಿಯಬೇಡಿ.

ಈ ಘಟಕದಲ್ಲಿ ಒಬ್ಬ ಫಿಟ್ಟರ್‌ಗೆ ಡಿಸೆಂಬರ್‌ನಿಂದ 38 ದಿನ ಮುಂದಕ್ಕೆ ತಂದಿದ್ದರು. 30ಕ್ಕೆ ಇಳಿಸೋಣ ಅಂತ ಅಕೌಂಟೆಂಟ್ ಪೆನ್ನು ತೆಗೆದರು. ರಜಾ ಅರ್ಜಿಗಳ ಫೈಲ್ ತರಿಸಿದೆ. ಆ ನವೆಂಬರ್‌ನಲ್ಲಿ ಅವನು 5 ದಿನ ರಜೆ ಕೇಳಿದ್ದ. "ಡಿಸ್ಪ್ಯಾಚ್ ಇದೆ, ಆಗಲ್ಲ" ಅಂತ ಮೇಲೆ ಬರೆದು ಸೂಪರ್‌ವೈಸರ್ ಸಹಿ ಹಾಕಿದ್ದರು. ಕಾಯ್ದೆಯಲ್ಲಿ ಸ್ಪಷ್ಟವಾಗಿತ್ತು, ಕೆಲಸಗಾರ ನಿಯಮದಂತೆ ಕೇಳಿ ನಾವು ಕೊಡದ ರಜೆಗೆ 30ರ ಮಿತಿ ಇಲ್ಲ. ಹಾಗಾಗಿ 30ಕ್ಕೆ 5 ಸೇರಿಸಿ 35 ಇಟ್ಟೆವು, ಉಳಿದ 3 ಹೋಯಿತು. ಆ ಒಂದು ಚೀಟಿ ಇಲ್ಲದಿದ್ದರೆ ಅವನ 5 ದಿನದ ದುಡಿಮೆ ನಮ್ಮ ಕೈಯಿಂದಲೇ ಅಳಿಸಿಹೋಗುತ್ತಿತ್ತು. ನಿರಾಕರಿಸಿದ ಅರ್ಜಿಗಳನ್ನು ಎಸೆಯಬೇಡಿ, ಅವೂ ಲೆಕ್ಕದ ದಾಖಲೆಗಳೇ.

ಹೀಗೆ 34 ಸಾಲು. ರಿಜಿಸ್ಟರಿನಲ್ಲಿ 512 ದಿನ, ಜಮಾ ಆಗದ ಮೂರು ತಿಂಗಳದ್ದು 119 ದಿನ. ಒಟ್ಟು ದಿನಕ್ಕೆ ಸರಾಸರಿ ಸಂಬಳ ಗುಣಿಸುವ ಸುಲಭ ದಾರಿ ಹಿಡಿಯಬೇಡಿ. ಹಳಬರಿಗೆ ಸಂಬಳವೂ ಜಾಸ್ತಿ, ಉಳಿದ ರಜೆಯೂ ಜಾಸ್ತಿ. ಸರಾಸರಿ ತೆಗೆದರೆ ಮೊತ್ತ ಕಡಿಮೆ ಬರುತ್ತದೆ. ಒಬ್ಬೊಬ್ಬರದ್ದೇ ಗುಣಿಸಿ ಕೂಡಿದಾಗ ಬಂದದ್ದು 4,67,400. ಮೊದಲು ಬರೆದಿದ್ದದ್ದು 2,61,000.

ಹಾಗಂತ 4,67,400 ಪೂರ್ತಿ ಈ ವರ್ಷದ ಖರ್ಚಲ್ಲ. ಹಿಂದಿನ ಮಾರ್ಚ್‌ನ ಪ್ರಾವಿಜನ್ 3,90,000 ಇತ್ತು. ಬಿಟ್ಟುಹೋದ ಇಬ್ಬರಿಗೆ ಅದರಿಂದ 48,000 ಕೊಟ್ಟಿದ್ದರು. ಉಳಿದದ್ದು 3,42,000. ಬೇಕಾದ್ದು 4,67,400. ಈ ವರ್ಷದ ವೆಚ್ಚ ಇವೆರಡರ ವ್ಯತ್ಯಾಸ, 1,25,400. ನಮೂದು ಹೀಗೆ: ರಜೆ ನಗದೀಕರಣ ವೆಚ್ಚ ಡೆಬಿಟ್, ರಜೆ ನಗದೀಕರಣ ಪ್ರಾವಿಜನ್ ಕ್ರೆಡಿಟ್, 1,25,400.

ಅಕೌಂಟೆಂಟ್ ಮೊದಲು ಬರೆದದ್ದಕ್ಕಿಂತ ಬೋನಸ್ಸಿನಲ್ಲಿ 2,92,765, ರಜೆಯಲ್ಲಿ 2,06,400 ಹೆಚ್ಚಾಗಿ, ಎರಡೂ ಸೇರಿ ಆ ಘಟಕದ ಲಾಭ ಸುಮಾರು ಐದು ಲಕ್ಷ ಇಳಿಯಿತು. ನಿವೃತ್ತರಾಗುತ್ತಿದ್ದ ಪಾಲುದಾರರಿಗೆ ಹಳೆಯ ಲೆಕ್ಕದಂತೆ ಕೊಟ್ಟಿದ್ದರೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಹೆಚ್ಚುವರಿ ಹೋಗುತ್ತಿತ್ತು, ಆ ಭಾರ ಉಳಿದ ಇಬ್ಬರ ಮೇಲೆ ಬೀಳುತ್ತಿತ್ತು. ಹಾಳೆಗಳನ್ನು ಆ ಹಿರಿಯರ ಮುಂದೆಯೇ ಇಟ್ಟು ವಿವರಿಸಿದೆ. ಫಿಟ್ಟರ್‌ನ ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ಒಪ್ಪಿ ಸಹಿ ಹಾಕಿದರು.

"ಎಲ್ಲರೂ ನಾಳೆ ಬಿಟ್ಟರೆ" ಎಂಬ ಈ ಸರಳ ದಾರಿ ಎಲ್ಲರಿಗೂ ಸಲ್ಲುವುದಿಲ್ಲ. ಕಂಪನಿಯಲ್ಲದ ಸಣ್ಣ ಸಂಸ್ಥೆಗಳಿಗೆ, ನೌಕರರು 50ಕ್ಕಿಂತ ಕಡಿಮೆ ಇದ್ದರೆ, ಇಂಥ ತರ್ಕಬದ್ಧ ಬೇರೆ ವಿಧಾನವನ್ನು ಮಾನದಂಡ 15ರ ವಿನಾಯಿತಿಗಳು ಒಪ್ಪುತ್ತವೆ. ಅದಕ್ಕಿಂತ ದೊಡ್ಡವರು, ಮತ್ತು ಕಂಪನಿಗಳು, ದೀರ್ಘಕಾಲ ಉಳಿಯುವ ರಜೆಗೆ ಆಕ್ಚುಯರಿಯಿಂದ ಮೌಲ್ಯಮಾಪನ ಮಾಡಿಸಬೇಕು. ಎಷ್ಟು ಜನ ಬಿಡಬಹುದು, ಸಂಬಳ ಎಷ್ಟು ಏರಬಹುದು, ಮುಂದೆ ಕೊಡುವ ಹಣದ ಇಂದಿನ ಬೆಲೆ ಎಷ್ಟು ಎಂದು ಅವರು ಲೆಕ್ಕ ಹಾಕುತ್ತಾರೆ. ಆದರೆ ಅವರಿಗೂ ದಿನಗಳ ಪಟ್ಟಿ ಕೊಡುವುದು ನೀವೇ. ನೀವು 119 ದಿನ ಬಿಟ್ಟರೆ ಆಕ್ಚುಯರಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಈಗ ಹೊಸ ಸಂಹಿತೆಗಳು. ಈ ಮಾರ್ಚ್‌ನ ಲೆಕ್ಕಕ್ಕೆ ನೀವು ಇವನ್ನು ಹಿಡಿಯಬೇಕು. ಬೋನಸ್ಸಿನ ಕೆಳಗಿನ ದರ ಹನ್ನೆರಡನೇ ಒಂದು ಭಾಗ, ಅದು ಬದಲಾಗಿಲ್ಲ. ವೇತನದ ಮಿತಿಗಳನ್ನು ಸಂಹಿತೆಯಲ್ಲಿ ಬರೆದಿಲ್ಲ, ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಲೆಕ್ಕ ಮುಗಿಸುವ ದಿನ ಯಾವುದು ಜಾರಿಯಲ್ಲಿದೆ ಅಂತ ನೋಡಿಯೇ ಬರೆಯಿರಿ. ರಜೆಯಲ್ಲಿ 240 ದಿನದ ಬದಲು 180 ದಿನ ಆಗಿದೆ, ಅಂದರೆ ಹೆಚ್ಚು ಜನ ಅರ್ಹರಾಗುತ್ತಾರೆ. 30 ದಿನ ಮೀರಿದ ರಜೆಯನ್ನು ನಗದು ಮಾಡಿಕೊಳ್ಳುವ ಹಕ್ಕು ಬಂದಿದೆ. ನಮ್ಮ ಫಿಟ್ಟರ್‌ನ ಆ 3 ದಿನ ಇನ್ನು ಮುಂದೆ ಸುಮ್ನೆ ಹೋಗುವುದಿಲ್ಲ. ವೇತನದ ಅರ್ಥವೂ ಬದಲಾಗಿದೆ. ಭತ್ಯೆಗಳು ಒಟ್ಟಿನ ಅರ್ಧ ದಾಟಿದರೆ ದಾಟಿದ ಭಾಗ ವೇತನಕ್ಕೆ ಸೇರುತ್ತದೆ. ಮೂಲ ವೇತನವನ್ನು ಮೂವತ್ತು ನಲವತ್ತು ಶೇಕಡಾಕ್ಕೆ ಇಳಿಸಿ ಭತ್ಯೆ ತುಂಬಿದ ಸಂಸ್ಥೆಗಳು ಇದನ್ನು ಗಮನಿಸಬೇಕು.

ತೆರಿಗೆ. ಬಿಇಎಂಎಲ್ ಗೆದ್ದ ಮರುವರ್ಷವೇ, 2001ರ ಹಣಕಾಸು ಕಾಯ್ದೆಯಲ್ಲಿ, ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ಒಂದು ಹೊಸ ಉಪವಾಕ್ಯ ಸೇರಿತು. ರಜೆ ನಗದೀಕರಣದ ಹಣ ನಿಜವಾಗಿ ಕೊಟ್ಟರೆ ಮಾತ್ರ ಖರ್ಚು. ಇದು ಸರಿಯಲ್ಲ ಎಂದು ಎಕ್ಸೈಡ್ ಇಂಡಸ್ಟ್ರೀಸ್ ಕಲ್ಕತ್ತಾ ಹೈಕೋರ್ಟಿನಲ್ಲಿ ಗೆದ್ದಿತ್ತು, ಆದರೆ 2020ರಲ್ಲಿ ಸುಪ್ರೀಂ ಕೋರ್ಟ್ ಆ ಉಪವಾಕ್ಯವನ್ನು ಎತ್ತಿಹಿಡಿಯಿತು. ಹಾಗಾಗಿ ನಮ್ಮ ಘಟಕದ ತೆರಿಗೆ ಲೆಕ್ಕದಲ್ಲಿ 1,25,400 ವಾಪಸ್ ಸೇರಿಸಬೇಕು, ಕೊಟ್ಟ 48,000 ಕಳೆಯಬೇಕು. ಈ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ಸೆಕ್ಷನ್ ನಂಬರ್ ಬೇರೆಯಾಗುತ್ತದೆ. 2025-26ರ ಆದಾಯಕ್ಕೆ ಮಾತ್ರ ಹಳೆಯ ಕಾಯ್ದೆಯೇ. ತೆರಿಗೆಯಲ್ಲಿ ಸಿಗುವುದಿಲ್ಲ ಅಂತ ಪುಸ್ತಕದಲ್ಲೇ ಪ್ರಾವಿಜನ್ ಮಾಡದೆ ಬಿಡುವವರಿದ್ದಾರೆ. ಅದು ಬೇರೆ, ಇದು ಬೇರೆ. ಬಾಕಿ ಇರುವುದು ನೌಕರನಿಗೆ.

ಬೋನಸ್‌ಗೂ 43ಬಿ ಇದೆ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಕೊಟ್ಟರೆ, ಪ್ರಾವಿಜನ್ ಮಾಡಿದ ವರ್ಷಕ್ಕೇ ಖರ್ಚು ಸಿಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ಕೇಳಿದರು: "ಮೇಡಂ, ನಾವು ಯಾವಾಗ್ಲೂ ದೀಪಾವಳಿಗೆ ಬೋನಸ್ ಕೊಡೋದು. ನವೆಂಬರ್ 30ರ ಒಳಗೆ ಕೊಟ್ಟರಾಯ್ತು ಅಂತ ಅಲ್ವಾ ಇರೋದು?"

ವರ್ಷ ಮುಗಿದು ಎಂಟು ತಿಂಗಳೊಳಗೆ ಅನ್ನುವುದು ಬೋನಸ್ ಕಾನೂನಿನ ಗಡುವು, ಅದು ನವೆಂಬರ್ 30. ತೆರಿಗೆ ಆಡಿಟ್ ಇರುವವರಿಗೆ ರಿಟರ್ನ್ ಗಡುವು ಅಕ್ಟೋಬರ್ 31. ಹೋದ ವರ್ಷ ದೀಪಾವಳಿ ಅಕ್ಟೋಬರ್ 20ಕ್ಕೆ ಬಂದಿತ್ತು, ತೊಂದರೆ ಇರಲಿಲ್ಲ. ಈ ವರ್ಷ ಅದು ನವೆಂಬರ್ 8ಕ್ಕೆ. ಆಗ ಹಂಚಿದರೆ ಕಾರ್ಮಿಕ ಕಾನೂನಿಗೆ ಸರಿ, ಆದರೆ ಅಷ್ಟೂ ಬೋನಸ್ 2025-26ರ ತೆರಿಗೆ ಲೆಕ್ಕದಲ್ಲಿ ಸಿಗದೆ ಒಂದು ವರ್ಷ ಮುಂದೆ ಹೋಗುತ್ತದೆ.

"ಹಾಗಾದ್ರೆ ಏನ್ ಮಾಡೋದು?" ಅಂದರು.

ದಸರಾ ಅಕ್ಟೋಬರ್ ಮೂರನೇ ವಾರದಲ್ಲೇ ಬರುತ್ತದೆ, ಈ ಸಲ ಆಯುಧಪೂಜೆಯ ದಿನವೇ ಕೊಟ್ಟುಬಿಡಿ ಅಂದೆ. ಅವರು ತಮ್ಮ ಡೈರಿಯಲ್ಲಿ ಅಕ್ಟೋಬರ್ ಪುಟ ತೆಗೆದು ಗುರುತು ಹಾಕಿಕೊಂಡರು. ಪಕ್ಕದವರು ಅದನ್ನು ನೋಡಿ ತಾವೂ ಬರೆದುಕೊಂಡರು.